ಯಾರಿಗೆ ಮೊದಲ ವಂದನೆ

ವಿಜಯವಾಡದ ಪಟಮಟದಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ವಂದನಾರ್ಪಣೆ ಬರೆಯುವ ಕೆಲಸ ನನಗೆ ಬಂದದ್ದು ನನ್ನ ಇಂಗ್ಲಿಷ್ ಚೆನ್ನಾಗಿತ್ತು ಎಂದಲ್ಲ. ನಾನು ಧಾರವಾಡದವಳು, ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾಗಿ ಅಲ್ಲಿಗೆ ಬಂದವಳು, ಆ ಊರಿನಲ್ಲಿ ನನ್ನವರು ಅನ್ನುವವರು ಯಾರೂ ಇಲ್ಲ. ಅದೇ ನನ್ನ ಅರ್ಹತೆ.

“ನೀವು ಯಾರ ಕಡೆಯವರೂ ಅಲ್ಲ ಮೇಡಂ,” ಎಂದರು ಪ್ರಿನ್ಸಿಪಾಲರು. ತೆಲುಗು, ಇಂಗ್ಲಿಷ್ ಎರಡನ್ನೂ ಕಲಸಿ ಮಾತಾಡುವ ಹೆಂಗಸು. “ಬೇರೆ ಯಾರು ಬರೆದರೂ ಒಬ್ಬರಿಗೆ ಕೋಪ ಬರುತ್ತೆ. ನೀವು ಬರೆದರೆ, ಪಾಪ, ತಿಳಿಯದೆ ಬರೆದಿದ್ದಾರೆ ಅಂತ ಸುಮ್ಮನಾಗ್ತಾರೆ.”

ಕೋಪ ಬರುವುದಕ್ಕೆ ಕಾರಣವಿತ್ತು. ಶಾಲೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಚೇರ್ಮನ್, ತಮ್ಮ ಕರೆಸ್ಪಾಂಡೆಂಟ್, ನಮ್ಮ ಕಡೆ ಕಾರ್ಯದರ್ಶಿ ಅನ್ನುವಂತೆ. ದಿನದ ವ್ಯವಹಾರವೆಲ್ಲ ತಮ್ಮನ ಕೈಯಲ್ಲಿ, ದೊಡ್ಡಸ್ತಿಕೆಯೆಲ್ಲ ಅಣ್ಣನ ಹೆಸರಲ್ಲಿ. ಇಬ್ಬರ ಮಧ್ಯೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಸುದ್ದಿ ಹೋಗಬೇಕಾದರೆ ಪ್ರಿನ್ಸಿಪಾಲರೇ ನಡೆದು ಹೋಗಬೇಕು. ನಡುವೆ ಇದ್ದದ್ದು ಒಂದೇ ಗೋಡೆ.

ಎರಡು ದಿನಗಳಲ್ಲಿ ನನ್ನ ಚೀಲ ಚೀಟಿಗಳಿಂದ ತುಂಬಿತು. ಡ್ಯಾನ್ಸ್ ಮಾಸ್ಟರನ್ನು ಮರೆಯಬೇಡಿ. ಮಕ್ಕಳ ಪೋಷಾಕು ಹೊಲಿದುಕೊಟ್ಟ ತಾಯಂದಿರು. ಶಾಮಿಯಾನದವರು. ಹೆಚ್ಚು ಕುರ್ಚಿ ಕೊಟ್ಟ ಪಕ್ಕದ ಕಲ್ಯಾಣಮಂಟಪ. ಕರೆಂಟು ಹೋಗದಂತೆ ನೋಡಿಕೊಳ್ಳುವ ವಿದ್ಯುತ್ ಇಲಾಖೆ. ಇವರಿಗೆ ಮುಂಗಡವಾಗಿ ಕೃತಜ್ಞತೆ ಹೇಳುವುದು ಒಳ್ಳೆಯದು ಎಂಬ ಟಿಪ್ಪಣಿಯೂ ಇತ್ತು. ತಮ್ಮನ ಚೀಟಿಯಲ್ಲಿ ‘ಶಾಲೆಯನ್ನು ನಿಜವಾಗಿ ನಡೆಸುತ್ತಿರುವವರು’ ಎಂಬ ಮಾತಿಗೆ ಅಡಿಗೆರೆ. ಅಣ್ಣನದು ಇನ್ನೂ ಚಿಕ್ಕದು: ‘ಚೇರ್ಮನ್, ಮೊದಲು.’

ಊಟದ ಮೇಜಿನ ಮೇಲೆ ಚೀಟಿಗಳನ್ನು ಗುಂಪು ಗುಂಪಾಗಿ ಹರವಿದೆ. ಅತಿಥಿಗಳು ಒಂದು ಕಡೆ, ಆಡಳಿತ ಒಂದು ಕಡೆ, ಆಮೇಲೆ ಶಿಕ್ಷಕರು, ಪಾಲಕರು, ಹೊರಗಿನಿಂದ ನೆರವಾದವರು, ಕೊನೆಗೆ ಮಕ್ಕಳು. ಗಂಡ ಬಂದು ನೋಡಿದರು.

“ಏನ್ ನಡಸೀ ಇದು? ಗಂಗಾಳ ಇಡ್ಲಿಕ್ಕೆ ಜಾಗಾನ ಇಲ್ಲಲ್ಲ.”

“ಎಲ್ಲಾರಿಗೂ ಥ್ಯಾಂಕ್ಸ್ ಹೇಳಬೇಕ್ರಿ. ಯಾರನ್ನೂ ಬಿಡಂಗಿಲ್ಲ, ಯಾರಿಗೂ ಬ್ಯಾಸರ ಆಗಂಗಿಲ್ಲ.”

“ಹಂಗಾರ ಎಲ್ಲಾರಿಗೂ ಒಂದ ಸಲ ನಮಸ್ಕಾರ ಅಂದು ಇಳದು ಬಾ.”

ಅವರ ಬ್ಯಾಂಕಿನಲ್ಲಿ ಅದು ನಡೆಯುತ್ತಿತ್ತೇನೋ. ಶಾಲೆಯಲ್ಲಿ ‘ಎಲ್ಲರಿಗೂ’ ಅಂದರೆ ಯಾರಿಗೂ ಇಲ್ಲ ಎಂದೇ ಅರ್ಥ. ಪ್ರತಿಯೊಬ್ಬರಿಗೂ ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಒಂದು ವಾಕ್ಯ, ಅದಕ್ಕಿಂತ ಹೆಚ್ಚಿಲ್ಲ ಎಂದು ನಿಯಮ ಹಾಕಿಕೊಂಡೆ. ‘ಅತ್ಯಮೂಲ್ಯ’, ‘ಹೃತ್ಪೂರ್ವಕ’ ಇವನ್ನೆಲ್ಲ ಮೊದಲು ಧಾರಾಳವಾಗಿ ಹಾಕಿ, ಆಮೇಲೆ ಒಂದೊಂದಾಗಿ ಹೊಡೆದುಹಾಕಿದೆ. ಮುಖ್ಯ ಅತಿಥಿಯ ಸಾಲಿನ ನಡುವೆ ಖಾಲಿ ಜಾಗ ಬಿಟ್ಟೆ. ಅವರ ಭಾಷಣ ಕೇಳಿ ಅದರೊಳಗಿನ ಮಾತೊಂದನ್ನು ಅಲ್ಲೇ ತುಂಬಿಕೊಳ್ಳಬೇಕು. ಹೊಲಿದ ತಾಯಂದಿರು, ಕುರ್ಚಿ ಕೊಟ್ಟವರು, ವಿದ್ಯುತ್ ಇಲಾಖೆ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತರು. ಕೂರದೆ ಉಳಿದವರು ಅಣ್ಣತಮ್ಮ ಇಬ್ಬರೇ.

ಅಣ್ಣನನ್ನು ಮೊದಲು ಹಾಕಿದರೆ ತಮ್ಮ ಕೆಲಸದಿಂದ ತೆಗೆಯಬಲ್ಲ. ತಮ್ಮನನ್ನು ಮೊದಲು ಹಾಕಿದರೆ ಅಣ್ಣ ವೇದಿಕೆಯಿಂದಲೇ ಇಳಿದು ಹೋಗಬಲ್ಲ. ಯೋಚಿಸುತ್ತಿದ್ದಾಗ ನೆನಪಾದದ್ದು ಅವರ ತಾಯಿ. ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುವ ಮುದುಕಿ, ಶಾಲೆಯವರ ಬಾಯಲ್ಲಿ ದೊಡ್ಡಮ್ಮ. ಅವರಿಗೆ ವಂದನೆ ಹೇಳಬೇಕೆಂದು ಒಂದು ಚೀಟಿಯೂ ಬಂದಿರಲಿಲ್ಲ. ಬರೆದೆ: ‘ಈ ಶಾಲೆಯನ್ನು ಒಬ್ಬ ತಾಯಿಯ ಇಬ್ಬರು ಮಕ್ಕಳು ಕಟ್ಟಿದರು. ಅವರಲ್ಲಿ ಯಾರಿಗೆ ಮೊದಲು ವಂದಿಸಬೇಕೆಂದು ತಿಳಿಯದೆ, ನಾವು ಆ ತಾಯಿಗೆ ವಂದಿಸುತ್ತೇವೆ.’

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. “ಎಂಥಾ ಮಾತು ಬರೆದಿರಿ ಮೇಡಂ! ಇದೊಂದನ್ನು ತೆಲುಗಿನಲ್ಲೂ ಹೇಳಿ. ದೊಡ್ಡಮ್ಮನವರಿಗೆ ಇಂಗ್ಲಿಷ್ ಬರಲ್ಲ.” ತೆಲುಗಿನ ಸಾಲನ್ನು ಅವರೇ ಬರೆದುಕೊಟ್ಟರು. ನಾನು ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡೆ.

ವಂದನಾರ್ಪಣೆಯನ್ನು ಕೊನೆಗಿಟ್ಟರೆ ಕೇಳಲು ಖಾಲಿ ಕುರ್ಚಿಗಳೇ ಉಳಿಯುತ್ತವೆಂದು ಬಹುಮಾನ ವಿತರಣೆಯ ನಂತರ, ನೃತ್ಯಗಳಿಗಿಂತ ಮೊದಲು ಇಟ್ಟಿದ್ದರು. ಮುಖ್ಯ ಅತಿಥಿ ಸಮಯಪ್ರಜ್ಞೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಬಣ್ಣ ಹಚ್ಚಿಕೊಂಡು ಕಾದಿದ್ದ ಚಿಕ್ಕ ಮಕ್ಕಳು ಪರದೆಯ ಹಿಂದೆ ನಿದ್ದೆಹೋದರು. ನಾನು ಖಾಲಿ ಜಾಗದಲ್ಲಿ ‘ಸಮಯದ ಬೆಲೆಯನ್ನು ನಮಗೆ ಮನಗಾಣಿಸಿದ’ ಎಂದು ತುಂಬಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೈಕಿನ ಮುಂದೆ ನಿಂತು ಅತಿಥಿಯ ಸಾಲು ಓದಿದೆ. ಅವರು ತೃಪ್ತಿಯಿಂದ ತಲೆದೂಗಿದರು. ತಾಯಿಯ ಸಾಲನ್ನು ಇಂಗ್ಲಿಷಿನಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ತೆಲುಗಿನಲ್ಲಿ ಓದಿದಾಗ ಚಪ್ಪಾಳೆ ಬೀಳಲಿಲ್ಲ. ಏಕೆಂದರೆ ಮುದುಕಿ ಎದ್ದು ನಿಂತಿದ್ದರು. ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಾರೈಸಲು ಬಂದರೆಂದು ನಾನು ಬಗ್ಗಿ ಕಾಲು ಮುಟ್ಟುವಷ್ಟರಲ್ಲಿ ಮೈಕು ಅವರ ಕೈಯಲ್ಲಿತ್ತು.

“ಈ ಕನ್ನಡದ ಹುಡುಗಿಗೆ ತಿಳಿದದ್ದು ನನ್ನ ಮಕ್ಕಳಿಗೆ ತಿಳಿಯಲಿಲ್ಲ,” ಎಂದರು. “ಸಂಕ್ರಾಂತಿಗೂ ಇವರಿಬ್ಬರೂ ಒಟ್ಟಿಗೆ ಊಟಕ್ಕೆ ಕೂರಲ್ಲ. ಒಬ್ಬನಿಗೆ ಬಡಿಸಿ, ಅವನು ಹೋದ ಮೇಲೆ ಇನ್ನೊಬ್ಬನಿಗೆ ಬಡಿಸಬೇಕು. ಏಳ್ರೋ ಇಬ್ಬರೂ!”

ಇಬ್ಬರೂ ಎದ್ದರು. ಮಧ್ಯದಲ್ಲಿದ್ದ ಮುಖ್ಯ ಅತಿಥಿ ತಮಗೂ ಹೇಳಿದರೇನೋ ಎಂದು ತಾವೂ ಎದ್ದರು. ತಾಯಿ ಇಬ್ಬರ ಕೈಗಳನ್ನೂ ಹಿಡಿದು ಸೇರಿಸಿದರು. ಜನ ಶಿಳ್ಳೆ ಹೊಡೆದರು, ಹೆಂಗಸರು ಕಣ್ಣೊರೆಸಿಕೊಂಡರು, ಫೋಟೋದವನು ಇನ್ನೊಮ್ಮೆ ಹಿಡಿಯಿರಿ ಎಂದು ಕೇಳಿಕೊಂಡ. ನಾನೂ ಕಾಗದ ಮಡಚಿ ಚಪ್ಪಾಳೆ ತಟ್ಟಿದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ವಿದ್ಯುತ್ ಇಲಾಖೆಯವರೆಗೆ ನಾನು ತಲುಪಲೇ ಇಲ್ಲ.

ಮರುದಿನ ಬೆಳಗ್ಗೆ ಅಣ್ಣತಮ್ಮಂದಿರು ಒಟ್ಟಿಗೆ ಪ್ರಿನ್ಸಿಪಾಲರ ಕೋಣೆಗೆ ಬಂದರು. ಹಾಗೆ ಬಂದದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ನನ್ನನ್ನು ಕರೆಸಿದರು.

“ಅಮ್ಮನನ್ನು ಸೇರಿಸಲು ನಿಮಗೆ ಯಾರು ಹೇಳಿದರು?” ಎಂದರು ಅಣ್ಣ.

“ಅದನ್ನೇ ನಾನೂ ಕೇಳ್ತಿರೋದು,” ಎಂದರು ತಮ್ಮ. “ಅಣ್ಣ ಹೇಳೋದು ಸರಿ.”

ತಮ್ಮನ ಬಾಯಲ್ಲಿ ‘ಅಣ್ಣ ಹೇಳೋದು ಸರಿ’ ಎಂಬ ಮಾತು ಕೇಳಿ ಪ್ರಿನ್ಸಿಪಾಲರು ಬೆರಗಾಗಿ ನನ್ನ ಮುಖ ನೋಡಿದರು. ತೆಲುಗಿನ ಸಾಲು ಬರೆದುಕೊಟ್ಟದ್ದು ಯಾರೆಂದು ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಹೊರಗಿನವಳು, ತಿಳಿಯದೆ ಬರೆದೆ ಎಂದೆ. ಅದಕ್ಕೆಂದೇ ಅಲ್ಲವೇ ನನ್ನನ್ನು ಆರಿಸಿದ್ದು?

ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ದೊಡ್ಡಮ್ಮ ಊಟದ ಕ್ಯಾರಿಯರ್ ಹಿಡಿದು ಇಳಿದರು. ಆ ದಿನದಿಂದ ದಿನಾ ಮಧ್ಯಾಹ್ನ ಮಕ್ಕಳಿಬ್ಬರನ್ನೂ ಎದುರಾಬದುರು ಕೂರಿಸಿ ತಾವೇ ಬಡಿಸತೊಡಗಿದರು. ಉಣ್ಣುತ್ತಾ ಅವರು ಮಾತಾಡುತ್ತಿದ್ದರೋ ಇಲ್ಲವೋ, ಬಾಗಿಲು ಹಾಕಿರುತ್ತಿತ್ತು. ಊಟವಾದ ಮೇಲೆ ಆಕೆ ಶಾಲೆಯನ್ನು ಸುತ್ತಿ ನಮ್ಮನ್ನೆಲ್ಲ ವಿಚಾರಿಸಿಕೊಳ್ಳುವರು. ಇಬ್ಬರು ಯಜಮಾನರಿದ್ದ ಶಾಲೆಗೆ ಮೂವರಾದರು.

ಮುಂದಿನ ವರ್ಷ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಮನೆ ಹೊಂದಿಸಿಕೊಂಡ ಕೆಲವು ತಿಂಗಳಿಗೆ ಪ್ರಿನ್ಸಿಪಾಲರ ಫೋನು ಬಂತು. ವಾರ್ಷಿಕೋತ್ಸವ ಮುಗಿದಿತ್ತಂತೆ. ಈ ಸಲ ದೊಡ್ಡಮ್ಮ, ಬರೆದುಕೊಡುವುದು ಬೇಡವೆಂದು, ತಾವೇ ವಂದನಾರ್ಪಣೆ ಮಾಡಿದರಂತೆ. ಆಯಾಗಳು, ಡ್ರೈವರುಗಳು, ಪಾಯ ತೋಡಿದ ಮೇಸ್ತ್ರಿ, ತೀರಿಹೋದ ಗಂಡ, ಎಲ್ಲರನ್ನೂ ನೆನೆದರಂತೆ.

“ಚೆನ್ನಾಗಿತ್ತು ಅನ್ನಿ,” ಎಂದೆ.

“ಚೆನ್ನಾಗಿತ್ತು. ನನ್ನೊಬ್ಬಳನ್ನು ಮರೆತರು. ಮೇಡಂ, ನಿಮ್ಮ ಡ್ರಾಫ್ಟಿನಲ್ಲಿ ನಾನು ಎಲ್ಲಿದ್ದೆ? ಅಷ್ಟರವರೆಗೆ ನೀವು ಓದಲೇ ಇಲ್ಲವಲ್ಲ.”

“ಅತಿಥಿಗಳು, ದೊಡ್ಡಮ್ಮ, ಮಕ್ಕಳಿಬ್ಬರು. ಆಮೇಲೆ ನೀವೇ.”

“ಏನಂತ ಬರೆದಿದ್ದಿರಿ?”

ನೆನಪಿದ್ದಷ್ಟನ್ನು ಹೇಳಿದೆ. ನೆನಪಿಲ್ಲದಲ್ಲಿ, ನಾನೇ ಹೊಡೆದುಹಾಕಿದ್ದ ‘ಅತ್ಯಮೂಲ್ಯ’ವನ್ನೂ ‘ಹೃತ್ಪೂರ್ವಕ’ವನ್ನೂ ವಾಪಸು ಸೇರಿಸಿದೆ. ಅವರು ಕೊನೆಯವರೆಗೂ ಕೇಳಿ, ಇನ್ನೊಂದು ಸಲ ನಿಧಾನವಾಗಿ ಹೇಳಿ ಎಂದರು.