ಕೆಂಪು ಬಾರದ ಪುಟ

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕುಳಿತವನು ನಾನು, ಹೆಸರಿಟ್ಟವನೂ ನಾನೇ. ಜನ ಅನುಮಾನಪಟ್ಟು ಕಳಿಸುವ ವೆಬ್‌ಪುಟಗಳನ್ನು ತೆರೆದು ನೋಡಿ, ಮೋಸದ್ದಾದರೆ ಪಟ್ಟಿಗೆ ಸೇರಿಸುವುದು ನಮ್ಮ ಕೆಲಸ. ಆ ಪಟ್ಟಿಯಲ್ಲಿರುವ ವಿಳಾಸಕ್ಕೆ ಯಾರಾದರೂ ಹೊರಟರೆ ಬ್ರೌಸರ್ ಕೆಂಪು ಪರದೆ ಎಳೆದು ತಡೆಯುತ್ತದೆ. ಪಟ್ಟಿಯಲ್ಲಿಲ್ಲದಿದ್ದರೆ ಸುಮ್ಮನಿರುತ್ತದೆ. ಆ ಮೌನವನ್ನೇ ಜನ ಅಭಯವೆಂದುಕೊಳ್ಳುತ್ತಾರೆ, ಏನು ಮಾಡೋಣ.

ಜರಡಿಯ ಅಣ್ಣ ಲಿಫ್ಟ್ ರಿಪೇರಿಯವನು. ತೀರಿಕೊಂಡು ಏಳು ತಿಂಗಳಾಗಿತ್ತು. ಕೆಲಸದ ಮೇಲೆ ಹೋದಾಗಲೆಲ್ಲ ಹೆಂಡತಿಗೆ ಧ್ವನಿ ಮುದ್ರಿಸಿ ಮೇಲ್ ಮಾಡುತ್ತಿದ್ದ: ತಡವಾಗುತ್ತೆ, ಊಟ ಮಾಡು, ಬಾಗಿಲು ಹಾಕ್ಕೋ. ಅಂಥ ಮುನ್ನೂರು ತುಣುಕುಗಳು ಅತ್ತಿಗೆಯ ಖಾತೆಯಲ್ಲಿದ್ದವು; ಅಣ್ಣ ತನ್ನ ಕಡೆಯವನ್ನು ಆಗಾಗ ಅಳಿಸುತ್ತಿದ್ದುದರಿಂದ ಬೇರೆಲ್ಲೂ ಇರಲಿಲ್ಲ. ಬೆಳಗ್ಗೆ ಒಂದನ್ನು ಕೇಳಿಯೇ ಆಕೆ ಮನೆಯಿಂದ ಹೊರಡುತ್ತಿದ್ದುದು. ಆಕೆಗೆ ಫೋನು ಬಳಸಲು ಕಲಿಸಿದವಳು ಜರಡಿ. "ಕೆಂಪು ಬಂದ್ರೆ ವಾಪಸ್ ಬಂದ್ಬಿಡಿ ಅತ್ತಿಗೆ. ಬರಲಿಲ್ಲ ಅಂದ್ರೆ ಹೆದರಬೇಡಿ," ಎಂದಿದ್ದಳು.

ಒಂದು ಸೋಮವಾರ ಒಂದು ದೂರು ಬಂತು. ದೂರು ಕೊಟ್ಟವರ ಹೆಸರು ನಮಗೆ ಕಾಣುವುದಿಲ್ಲ, ಟಿಪ್ಪಣಿ ಮಾತ್ರ. 'ಈ ಲಿಂಕು ತೀರಿಹೋದ ನನ್ನ ಗೆಳೆಯನ ಮೇಲ್‌ನಿಂದ ಬಂದಿದೆ. ದಯವಿಟ್ಟು ನೋಡಿ.'

"ದೆವ್ವಕ್ಕೂ ಪಾಸ್‌ವರ್ಡ್ ನೆನಪಿರುತ್ತೆ ನೋಡು," ಎಂದೆ ನಾನು. ಜರಡಿ ನಕ್ಕಳು. ಆ ನಗು ನನಗೆ ಇಂದಿಗೂ ಕೇಳಿಸುತ್ತದೆ.

ಪುಟಗಳನ್ನು ಮೊದಲು ಪರೀಕ್ಷಿಸುವ ನಮ್ಮ ಯಂತ್ರ ಆಗಲೇ ಅದನ್ನು ನೋಡಿ, ಏನೂ ಇಲ್ಲ ಎಂದಿತ್ತು. ಜರಡಿಯೂ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದಳು. ಸಸಿ ಮಾರುವ ಒಂದು ನರ್ಸರಿಯ ಪುಟ; ಹೂಕುಂಡಗಳು, ವಿಳಾಸದ ಪಕ್ಕ ಬೀಗದ ಗುರುತು. ಬೀಗವಿದ್ದರೆ ನಡುವೆ ಯಾರೂ ಕದ್ದು ಓದಲಾರರು ಎಂದಷ್ಟೇ ಅರ್ಥ. ಆ ತುದಿಯಲ್ಲಿ ಕುಳಿತವನೇ ಕಳ್ಳನಾಗಿದ್ದರೆ ಅದೇನು ಮಾಡೀತು? ಇದು ಅವಳಿಗೆ ಗೊತ್ತಿರದ ವಿಷಯವಲ್ಲ. ಆದರೆ ನಮ್ಮ ಪರದೆಯಲ್ಲಿ ಇದ್ದದ್ದು ಎರಡೇ ಗುಂಡಿ: ಅಪಾಯ, ಅಪಾಯವಿಲ್ಲ. ಅವಳು ಎರಡನೆಯದನ್ನು ಒತ್ತಿದಳು.

ಬುಧವಾರ ಮಧ್ಯಾಹ್ನ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಫೋಟೋ ಕಳಿಸಿದ್ರು ಕಣೇ. ಒತ್ತಿದೆ. ಪಾಸ್‌ವರ್ಡ್ ಕೇಳ್ತು, ಫೋನಿಗೆ ಬಂದ ನಂಬರೂ ಕೇಳ್ತು, ಹಾಕ್ದೆ. ಈಗ ನನ್ನ ಮೇಲ್ ಖಾತೇನೇ ತೆಗೆಯೋಕಾಗ್ತಿಲ್ಲ." ಆಮೇಲೆ, "ಕೆಂಪು ಬರ್ಲಿಲ್ಲ ಕಣೇ," ಎಂದರು.

ಜರಡಿ ಲಿಂಕು ತರಿಸಿಕೊಂಡಳು. ಅದೇ ನರ್ಸರಿ, ವಿಳಾಸದ ಬಾಲದ ಅಕ್ಷರಗಳಷ್ಟೇ ಬೇರೆ. ತೆರೆದರೆ ಮತ್ತೆ ಹೂಕುಂಡಗಳು. ಸೋಮವಾರದ ದೂರಿನಲ್ಲಿದ್ದ 'ತೀರಿಹೋದ ಗೆಳೆಯ' ಅವಳ ಅಣ್ಣನೇ ಆಗಿದ್ದ.

ಸ್ವಲ್ಪ ಹೊತ್ತಿಗೆ ಅವಳ ಸ್ವಂತ ಮೇಲ್‌ಗೂ ಒಂದು ಬಂತು, ಅಣ್ಣನ ಹೆಸರಿನಲ್ಲಿ. 'ಗುಬ್ಬಿ, ಹಳೇ ಫೋಟೋ ಸಿಕ್ಕಿವೆ ನೋಡು.' ಗುಬ್ಬಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಕಳ್ಳರು ಅವನ ಖಾತೆ ಹೊಕ್ಕು ಹಳೆಯ ಮೇಲ್‌ಗಳನ್ನೆಲ್ಲ ಓದಿದ್ದರು. ಅವಳು ಆ ಲಿಂಕನ್ನು ಒತ್ತಲಿಲ್ಲ.

"ಅತ್ತಿಗೆಗೆ ಪಾಸ್‌ವರ್ಡ್ ಕೇಳಿದ್ದು ನಮಗೆ ಹೂಕುಂಡ ತೋರಿಸ್ತು. ಇದು ಒಂದೇ ಸಲ ತೆರೆಯೋ ಲಿಂಕು ಅನ್ಸುತ್ತೆ," ಎಂದಳು. "ಹಾಳು ಮಾಡ್ಕೋಬಾರದು. ಕಚೇರಿ ವೈಫೈ ಬೇಡ, ಗುರುತು ಹಿಡೀತಾರೆ. ನಿನ್ನ ಸಿಮ್ ಕೊಡು."

ಪರೀಕ್ಷೆಯ ಫೋನಿಗೆ ನನ್ನ ಸಿಮ್ ಹಾಕಿ, ಪರದೆಯಲ್ಲಿ ಕಾಣುವುದೆಲ್ಲ ದಾಖಲಾಗುವಂತೆ ಮಾಡಿ ಒತ್ತಿದಳು. ಹೂಕುಂಡ ಬರಲಿಲ್ಲ. ಥೇಟು ಮೇಲ್ ಕಂಪನಿಯದೇ ಎನ್ನುವಂಥ ಪುಟ ಬಂದು ಪಾಸ್‌ವರ್ಡ್ ಕೇಳಿತು. ಎರಡನೇ ಸಲ ತೆರೆದಾಗ ನರ್ಸರಿ. ಆ ನರ್ಸರಿಯೂ ನಿಜವಾದದ್ದೇ, ಒಳ್ಳೆಯ ಹೆಸರಿದ್ದದ್ದು. ಕಳ್ಳರು ಅದರೊಳಗೆ ನುಗ್ಗಿ ಮೂಲೆ ಹಿಡಿದಿದ್ದರು. ನಮ್ಮ ಯಂತ್ರಗಳು ಯಾವ ಕಡೆಯಿಂದ ಬರುತ್ತವೆಂದು ಅವರಿಗೆ ಗೊತ್ತಿದ್ದರಿಂದ ನಮಗೆ ಹೂವು, ಫೋನು ಹಿಡಿದ ಬಡಪಾಯಿಗೆ ಬಲೆ.

ದಾಖಲೆ ಸಿಕ್ಕ ಮೇಲೆ ಅವಳು ಅಪಾಯ ಎಂದು ಒತ್ತಿದಳು. ಅರ್ಧ ಗಂಟೆಯಲ್ಲಿ ಆ ವಿಳಾಸಕ್ಕೆ ಕೆಂಪು ಬಿತ್ತು. ಎರಡು ದಿನ ತಡವಾಗಿ.

ಅತ್ತಿಗೆಯ ಖಾತೆ ಶನಿವಾರ ಕೈಗೆ ಬಂತು. ಒಳಗೆ ಒಂದು ತುಣುಕೂ ಉಳಿದಿರಲಿಲ್ಲ. ಅಳಿಸಿದ್ದನ್ನು ಮರಳಿ ತರಲಾಗದು ಎಂದು ಮೇಲ್ ಕಂಪನಿ ಬರೆಯಿತು. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಜರಡಿ ಬದುಕಿಕೊಳ್ಳುತ್ತಿದ್ದಳು.

ಮೇಲಿನವರ ಜೊತೆ ಜಗಳ ಆಡಿ ಆಡಿ ಅವಳು ನಮ್ಮ ಪರದೆಗೆ ಮೂರನೇ ಗುಂಡಿ ಹಾಕಿಸಿದಳು: 'ನಾವು ಹೋದಾಗ ಕಾಣಲಿಲ್ಲ.' ಎರಡನೆಯದನ್ನು ಆಮೇಲೆ ಅವಳು ಮುಟ್ಟಿದ್ದನ್ನು ನಾನು ನೋಡಿಲ್ಲ. ಜರಡಿ ಎಂದು ಕರೆಯುವುದನ್ನೂ ನಾನು ಬಿಟ್ಟೆ.

ಈಗ ದಿನಾ ಬೆಳಗ್ಗೆ ಅವಳ ಫೋನು ಬಡಿದುಕೊಳ್ಳುತ್ತದೆ. "ನಿಂದೂ ಅವರದೂ ಧ್ವನಿ ಒಂದೇ ಥರ ಕಣೇ," ಎಂದಿದ್ದರಂತೆ ಅತ್ತಿಗೆ, "ಒಂದ್ಸಲ ಹೇಳ್ತೀಯಾ?" ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ದನಿ ದಪ್ಪ ಮಾಡಿ, ಅಣ್ಣನಂತೆ ಹೇಳುತ್ತಾಳೆ:

"ತಡ ಆಗುತ್ತೆ. ಊಟ ಮಾಡು. ಬಾಗಿಲು ಹಾಕ್ಕೋ."