ಗೋರಿಗಳ ದಾರಿ ಮೊದಲು

ಬೂರುಲ್ ಎರ್ಗೆಶನನ್ನು ಮೊದಲು ಕಂಡದ್ದು, ಅವನು ಅವಳ ಬರಹದ ಮೇಲೆ ಗೀಟು ಎಳೆದ ದಿನ. ಆಗ ಅವಳು ಕೆಳಗಿನ ಹಳ್ಳಿಯ ಶಾಲೆಗೆ ಹೊಸ ಟೀಚರು. ಅಕ್ಷರ ದುಂಡಗಿದೆಯೆಂದು ಮೇಲಿನ ಹಳ್ಳಿಯವರೊಡನೆ ಆಡಬೇಕಾದ ಮಾತುಗಳ ಪಟ್ಟಿಯನ್ನು ಅವಳ ಕೈಲಿ ಬರೆಸಿದ್ದರು. ಮೊದಲು ಮೇಲಿನವರು ಬಿಡಬೇಕಾದ ನೀರು, ಆಮೇಲೆ ಅವರ ಕುರಿ ದಾಟುವ ದಾರಿ, ಕೊನೆಗೆ ಗೋರಿಗಳ ದಾರಿ.

"ಪಟ್ಟೀಲಿ ನೀರನ್ನ ಮೇಲಕ್ಕೆ ಯಾಕೆ ಹತ್ತಿಸಿದೆ, ಟೀಚರಮ್ಮ?" ಎಂದ ಕಾಲುವೆಯ ಮೇಸ್ತ್ರಿ ಎರ್ಗೆಶ್.

"ಅದೇ ಅಲ್ವಾ ದೊಡ್ಡದು? ನೀರಿಲ್ದೆ ಏಪ್ರಿಕಾಟ್ ಹೀಚು ಉದುರ್ತಾ ಇದೆ."

"ಹೋದ ವರ್ಷವೂ ನೀರಿಂದಲೇ ಶುರು ಮಾಡಿದ್ವಿ. ಚಹಾ ಆರೋಕೆ ಮುಂಚೆ ಮೇಲಿನವರು ಎದ್ದು ಹೋದ್ರು."

ಅವನು ಗೋರಿಗಳ ದಾರಿಯನ್ನು ಮೇಲೆ ಹಾಕಿಸಿದ. ಮೇಲಿನವರ ಹಿರಿಯರ ಗೋರಿಗಳಿದ್ದದ್ದು ಕೆಳಗಿನವರ ತೋಟದಾಚೆ. ತೋಟದ ಬೇಲಿ ಆ ದಾರಿಯನ್ನು ಮುಚ್ಚಿತ್ತು. ಆಮೇಲೆ ಎರ್ಗೆಶ್ ನೀರನ್ನೂ ಕುರಿ ದಾರಿಯನ್ನೂ ಒಂದೇ ಗೆರೆಯಿಂದ ಬಿಗಿದ.

"ಗೋರಿಗೆ ಹೋಗೋಕೆ ಬೇಲೀಲಿ ಬಾಗಿಲು ಸುಮ್ನೆ ಕೊಟ್ಟುಬಿಟ್ರೆ ನಮ್ಮ ಕೈಲಿ ಏನುಳೀತು? ಅದನ್ನೂ ನೀರಿಗೇ ಕಟ್ಟೋಣ" ಎಂದಳು ಬೂರುಲ್.

"ಸತ್ತವರನ್ನ ತಕ್ಕಡೀಲಿ ಇಟ್ರೆ ಬದುಕಿರೋರು ಮುಖ ನೋಡಲ್ಲ, ತಾಯಿ."

ಮರುದಿನ ಕಾಲುವೆಯ ತೂಬಿನ ಬಳಿ, ಪಾಪ್ಲರ್ ಮರಗಳ ನೆರಳಲ್ಲಿ ಎರಡೂ ಹಳ್ಳಿಯವರು ಕೂತು ರೊಟ್ಟಿ ಮುರಿದರು. ಬೇಲಿಗೆ ಬಾಗಿಲು ಇಡಿಸುತ್ತೇವೆ, ಅದಕ್ಕೆ ಬದಲೇನೂ ಬೇಡ ಎಂದ ಎರ್ಗೆಶ್. ಮೇಲಿನವರ ಮುಖಂಡ ಜೊರೊಬಾಯ್ ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ನುಂಗಿಕೊಂಡ. ಎರಡೂ ಅಂಗೈಗಳಿಂದ ಮುಖ ಸವರಿ ಪ್ರಾರ್ಥನೆ ಹೇಳಿದ.

ಆದರೆ ಅವನೂ ಹಳೆಯ ಹುಲಿಯೇ. "ಹಂಗಾದ್ರೆ ಕುರಿ ದಾರೀನೂ ಈಗ್ಲೇ ಮುಗಿಸೋಣ. ಸುಲಭದ್ದು. ನೀರಿನ ಮಾತು ನಿಧಾನಕ್ಕೆ" ಎಂದ.

ಬೂರುಲಳ ಲೇಖನಿ ಆಗಲೇ ಬರೆಯಲು ಹೊರಟಿತ್ತು. ಎರ್ಗೆಶ್ ತನ್ನ ಚಹಾದ ಬೋಗುಣಿಯನ್ನು ಕಾಗದದ ಮೇಲೆ ಇಟ್ಟುಬಿಟ್ಟ.

"ಇವೆರಡೂ ಒಂದೇ ನೊಗದ ಎತ್ತು, ಜೊರೊಬಾಯ್."

"ಕುರಿ ಇಳಿಯೋದು ಕುಯ್ಲಾದ ಮೇಲೆ. ನೀರು ಬೇಕಾಗಿರೋದು ಈಗ. ಯಾಕಯ್ಯಾ ಗಂಟು ಹಾಕ್ತೀಯ?"

"ಅದಕ್ಕೇ. ಒಬ್ಬನ ಕೆಲಸ ಮೊದಲೇ ಆಗಿಹೋದ್ರೆ ಇನ್ನೊಬ್ಬನ ನೆನಪು ಯಾರಿಗಿರುತ್ತೆ?"

ಜೊರೊಬಾಯ್ ನಕ್ಕ. "ನಿಂಗೆ ಹೆಣ್ಣು ಕೊಟ್ಟ ಮಾವ ಏನು ಪಾಡುಪಟ್ಟನೋ!" ಕುಯ್ಲಾದ ಮೇಲೆ ಕೆಳಗಿನವರ ಕೂಳೆ ಹೊಲ ಬಿಟ್ಟರೆ ಅವನ ಕುರಿಗಳಿಗೆ ಬೇರೆ ಮೇವಿರಲಿಲ್ಲ, ಕೆಳಗಿನವರಿಗೆ ಬೇಕಾದ ಎರಡು ದಿನದ ನೀರು ಅವನಿಗೆ ದೊಡ್ಡದಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಒಂದೇ ವಾಕ್ಯದಲ್ಲಿ ಬರೆಯಲ್ಪಟ್ಟವು: ಹತ್ತು ದಿನಕ್ಕೊಮ್ಮೆ ಎರಡು ದಿನ ನೀರು, ಕುಯ್ಲಿನ ನಂತರ ಹದಿನೈದು ದಿನ ಕುರಿಗೆ ದಾರಿ, ಒಂದು ತಪ್ಪಿದರೆ ಇನ್ನೊಂದೂ ಇಲ್ಲ. ಆ ವರ್ಷದ ಹಣ್ಣಿನ ಸಿಹಿ ಬೂರುಲಳ ನಾಲಿಗೆಯಲ್ಲಿ ಇನ್ನೂ ಇದೆ.

ವರ್ಷಗಳು ಕಳೆದಿವೆ, ಈಗ ಪಟ್ಟಿ ಬರೆಯುವವಳೂ ಅವಳೇ, ಗೀಟು ಎಳೆಯುವವಳೂ ಅವಳೇ. ಎಂಬತ್ತು ದಾಟಿದ ಎರ್ಗೆಶ್ ದಿನಾ ಬೆಳಗ್ಗೆ ಕೋಲೂರಿಕೊಂಡು ಬೇಲಿಯ ಆ ಬಾಗಿಲಿಗೆ ಬರುತ್ತಾನೆ. ಏಪ್ರಿಕಾಟ್ ಬೀಜದ ಎಣ್ಣೆಯಲ್ಲಿ ಬೆರಳದ್ದಿ ಅದರ ತಿರುಗಣಿಗೆ ಸವರಿ ಅಲ್ಲೇ ಕೂರುತ್ತಾನೆ. ಮೇಲಿನಿಂದ ಯಾರಾದರೂ ಗೋರಿಗಳಿಗೆಂದು ಬರುವುದು ಕಂಡರೆ ಎದ್ದು ತಾನೇ ಬಾಗಿಲು ತೆರೆಯುತ್ತಾನೆ.