ಬೆನ್ನಲ್ಲಿ ಮಿಟುಕಿದ ಎಸಳು

ಯುಗಾದಿಯ ಮರುದಿನ, ಹೊಸತೊಡಕಿಗೆ, ಬಾಡೂಟ ಮುಗಿದ ಮೇಲೆ ನಮ್ಮ ಮನೆಯಲ್ಲಿ ಇಸ್ಪೀಟು ಹಾಕುವುದು ಹಳೆಯ ರೂಢಿ. ಕಟ್ಟು ತರುವುದು ಹನೂರಿನಲ್ಲಿರುವ ನನ್ನ ತಮ್ಮನ ಪಾಲು. ಪ್ರತಿ ವರ್ಷ ಅದೇ ಬಸ್‌ಸ್ಟ್ಯಾಂಡಿನ ಅದೇ ಅಂಗಡಿಯಿಂದ, ಕೆಂಪು ಬೆನ್ನಿನ ಅದೇ ಬಳ್ಳಿ ಹೂವಿನ ಕಟ್ಟು. ಆಡುವುದು ಮೂರೆಲೆ, ಪಣ ಹುಣಸೆಬೀಜ. ಗೆದ್ದವನಿಗೆ ಸಿಗುವುದು ವರ್ಷವಿಡೀ ಮೀಸೆ ತಿರುವುವ ಹಕ್ಕು ಅಷ್ಟೆ.

ಎರಡು ವರ್ಷಗಳಿಂದ ಆ ಹಕ್ಕು ನನ್ನ ಗಂಡನದು. ಈ ಸಲವೂ ಬೀಜದ ರಾಶಿ ಅವರ ಮುಂದೆಯೇ ಬೆಳೆಯುತ್ತಿತ್ತು. ಎದುರಿನವರ ಕೈಗೆ ಎಕ್ಕ ಬಿದ್ದಾಗಲೆಲ್ಲ ಇವರು ಎಲೆ ಮಡಚಿ ಚಾಪೆಗೆ ಎಸೆಯುತ್ತಿದ್ದರು. ಪಕ್ಕದ ಮನೆಯ ಕಂಡಕ್ಟರಣ್ಣನಿಗೆ ರೇಗಿತು.

"ಇದ್ಯಾಕೋ ಸರಿಯಾಗಿಲ್ಲ ಕಣಣ್ಣ. ನನ್ ಎಲೆ ನಿಂಗೆಂಗ್ ಗೊತ್ತಾಯ್ತದೆ? ಕಟ್ನಲ್ಲೇ ಏನೋ ಅದೆ."

ನನ್ನ ಗಂಡ ತಲೆಯೆತ್ತಲಿಲ್ಲ. "ಕಟ್ಟು ತಂದೋನ್ ನಾನಾ? ತಂದೋನ್ನ ಕೇಳು."

ತಮ್ಮನ ಮುಖ ಸುಣ್ಣವಾಯಿತು. ಎದುರು ಮಾತಾಡಲು ಬಾರದ ಹುಡುಗ ಅವನು, ಈಗಲೂ ನನಗೆ ಹುಡುಗನೇ. ಕೈಯಲ್ಲಿದ್ದ ಎಲೆ ಇಟ್ಟು ಎದ್ದ. "ಅಕ್ಕ, ನಾ ಓಯ್ತೀನಿ" ಎಂದು ಚೀಲ ಹುಡುಕತೊಡಗಿದ. ಕಳ್ಳನೆನ್ನಿಸಿಕೊಂಡು ಹೊಸಿಲು ದಾಟಿದರೆ ಅವನು ಮತ್ತೆ ನಮ್ಮ ಮನೆಗೆ ಬರುವವನಲ್ಲ. ನನಗೆ ಸಿಟ್ಟು ಬಂತು.

"ಕೂತ್ಕೊಳೋ" ಎಂದು ಗದರಿ ಎಲೆಗಳನ್ನೆಲ್ಲ ಬಾಚಿಕೊಂಡೆ.

ನಾನು ಕೊಳ್ಳೇಗಾಲದ ರೇಷ್ಮೆ ಬಿಚ್ಚುವ ಘಟಕದಲ್ಲಿ ಹದಿನೆಂಟು ವರ್ಷ ಗೂಡು ಆರಿಸಿದವಳು. ಕಲೆಯಾದದ್ದು, ತೆಳುವಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಎಲ್ಲವನ್ನೂ ರಾಶಿಯಿಂದ ಹೆಕ್ಕಬೇಕು. ಒಂದೊಂದನ್ನೇ ದಿಟ್ಟಿಸಿದರೆ ಏನೂ ಕಾಣದು. ರಾಶಿಯನ್ನು ಹರಿಯಬಿಟ್ಟು ನೋಡಬೇಕು, ಬೇರೆಯಾದದ್ದು ತಾನೇ ಕಣ್ಣಿಗೆ ಬಡಿಯುತ್ತದೆ.

ಕಟ್ಟನ್ನು ಸಮ ಮಾಡಿ, ಬೆನ್ನು ನನ್ನ ಕಡೆಗಿರುವಂತೆ ಹಿಡಿದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟೆ. ಎಲ್ಲ ಎಲೆಯ ಚಿತ್ತಾರವೂ ಒಂದೇ ಆಗಿದ್ದರೆ ಹೂವು ನಿಂತಲ್ಲೇ ನಿಂತಿರಬೇಕು. ಇನ್ನೊಮ್ಮೆ ಬಿಟ್ಟೆ. ಮೂಲೆಯ ಸಣ್ಣ ಹೂವಿನಲ್ಲಿ ಒಂದು ಎಸಳು ಮಿಟುಕಿತು.

ಬಾಗಿಲ ಬೆಳಕಿಗೆ ಹೋಗಿ ಒಂದೊಂದೇ ಎಲೆ ನೋಡಿದೆ. ಬಿಳಿ ಇರಬೇಕಾದ ಎಸಳಿಗೆ ಕೆಂಪು ಪೆನ್ನು ತುಂಬಿದ್ದವನ್ನು ಬೇರೆ ಇಟ್ಟೆ. ಹನ್ನೆರಡು ಸಿಕ್ಕವು. ತಿರುವಿದರೆ ಎಕ್ಕ ನಾಲ್ಕು, ರಾಜ ನಾಲ್ಕು, ರಾಣಿ ನಾಲ್ಕು. ಎಕ್ಕಕ್ಕೆ ಮೇಲಿನ ಎಸಳು, ರಾಜನಿಗೆ ಬಲದ್ದು, ರಾಣಿಗೆ ಎಡದ್ದು. ಎಲೆ ತಲೆಕೆಳಗಾದರೂ ಕಾಣಲೆಂದು ಎದುರು ಮೂಲೆಯಲ್ಲೂ ಅದೇ ಗುರುತು.

"ಕೊಳೆ ಇರ್ಬೌದು" ಎಂದರು ನನ್ನ ಗಂಡ.

"ಕೊಳೆ ದೊಡ್ಡೆಲೆ ಚಿಕ್ಕೆಲೆ ಅಂತ ನೋಡ್ಕಂಡ್ ಕೂರತ್ತಾ?" ಎಂದೆ.

ಕಂಡಕ್ಟರಣ್ಣ ತಮ್ಮನನ್ನೇ ನೋಡುತ್ತಿದ್ದರು. ಗುರುತು ಸಿಕ್ಕಿತು, ಆದರೆ ಅದರಿಂದ ನನ್ನ ತಮ್ಮ ಇನ್ನಷ್ಟು ಸಿಕ್ಕಿಬಿದ್ದಂತಾಗಿತ್ತು. ಎಲೆಗಳನ್ನು ಕೂಡಿಸಿ ಕಟ್ಟನ್ನು ಮತ್ತೆ ಒತ್ತಿ ಹಿಡಿದೆ. ಆಗ ಬೆರಳಿಗೆ ತಿಳಿಯಿತು. ಹೊಸ ಎಲೆಯ ಅಂಚು ಬೆಳ್ಳಗೆ, ಗರಿಗರಿಯಾಗಿರುತ್ತದೆ. ಇದರ ಅಂಚು ಬೂದಿಬಣ್ಣಕ್ಕೆ ತಿರುಗಿತ್ತು, ಮೂಲೆಗಳು ಮೆತ್ತಗಾಗಿದ್ದವು. ಒಂದು ಮಧ್ಯಾಹ್ನದ ಆಟಕ್ಕೆ ಇಷ್ಟು ಸವೆಯುವುದುಂಟೆ? ಬೆಳಿಗ್ಗೆ ತಮ್ಮ ತಂದ ಕಟ್ಟಿನ ಮೇಲಿನ ಪ್ಲಾಸ್ಟಿಕ್ ಕೂಡ ಒಡೆದಿರಲಿಲ್ಲ. ನಾನೇ ಇಸಿದುಕೊಂಡು ನನ್ನ ಗಂಡನ ಕೈಗೆ ಕೊಟ್ಟಿದ್ದೆ. ಅದನ್ನು ಹಿಡಿದುಕೊಂಡೇ ಅವರು ಸ್ಕೂಟರ್ ಒರೆಸಲು ಹೊರಗೆ ಹೋಗಿದ್ದರು.

ಹಳೆಯ ಕಟ್ಟುಗಳು ಎಲ್ಲಿ ಹೋಗುತ್ತವೆಂದು ನಾನು ಒಂದು ವರ್ಷವೂ ಕೇಳಿರಲಿಲ್ಲ. ಬೆನ್ನು ಒಂದೇ ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. "ನಮ್ಮೆಜಮಾನ್ರಿಗೆ ಏನ್ ಗ್ಯಾಪ್ಕಶಕ್ತಿ" ಎಂದು ಬೀದಿಯಲ್ಲೆಲ್ಲ ಕೊಚ್ಚಿಕೊಂಡವಳು ನಾನು.

"ಇದು ನನ್ ತಮ್ಮ ತಂದ ಕಟ್ಟಲ್ಲ, ಹಳೇದು" ಎಂದೆ. "ರೀ, ಸ್ಕೂಟರ್ ಡಿಕ್ಕಿ ಕೀ ಕೊಡಿ."

ಅವರು ಹುಣಸೆಬೀಜವನ್ನೇ ನೋಡುತ್ತ ಕುಳಿತರು. ನಾನು ಕೈ ಚಾಚಿದೆ.

"ಬುಡಕ್ಕ, ಸಾಕು" ಎಂದ ತಮ್ಮ.

ನನ್ನ ಸಂಸಾರದ ಮಾನಕ್ಕಾಗಿ ಅವನು ತನ್ನ ಮಾನ ಬಿಟ್ಟುಕೊಡಲು ತಯಾರಿದ್ದ. ಅದಕ್ಕೇ ನಾನು ಕೈ ಹಿಂತೆಗೆಯಲಿಲ್ಲ. ಕೊನೆಗೆ ನನ್ನ ಗಂಡ ಜೇಬಿಗೆ ಕೈ ಹಾಕಿ ಕೀ ತೆಗೆದು ಚಾಪೆಯ ಮೇಲಿಟ್ಟರು. ಡಿಕ್ಕಿಯಲ್ಲಿ ಒರೆಸುವ ಬಟ್ಟೆಯ ಕೆಳಗೆ ಹೊಸ ಕಟ್ಟು ಹಾಗೇ ಇತ್ತು.

"ತಪ್ಪಾಯ್ತು ಕಣಪ್ಪ" ಎಂದು ಕಂಡಕ್ಟರಣ್ಣ ತಮ್ಮನ ಕೈ ಹಿಡಿದರು. ನನ್ನ ಗಂಡ ಮೀಸೆಯ ಮೇಲೆ ಬೆರಳಾಡಿಸಿ, ಸಟ್ಟನೆ ಕೈ ಇಳಿಸಿದರು.

ಆಟ ನಿಲ್ಲಲು ನಾನು ಬಿಡಲಿಲ್ಲ. ಹೊಸ ಕಟ್ಟನ್ನು ಎಲ್ಲರೆದುರೇ ಒಡೆಸಿ, ಬೆರಳಲ್ಲಿ ಬಿಟ್ಟು ತೋರಿಸಿದೆ. ಹೂವು ಅಲುಗಲಿಲ್ಲ. ಅವರ ಬದಲು ನಾನೇ ಕುಳಿತು ಕಲಸಿ ಹಂಚಿದೆ. ತಮ್ಮ ತನ್ನ ಮೂರು ಎಲೆಗಳನ್ನು ತೆಗೆದುಕೊಂಡ. ಅಕ್ಕ ಹಂಚಿದ ಎಲೆಗಳ ಮುಖ ನೋಡುವ ಮೊದಲು, ಬೆಳಕಿಗೆ ಹಿಡಿದು ಬೆನ್ನು ನೋಡಿದ.